ಫರಸಿಯ ಕೆಳಗಿನ ಹಗೇವು: ಹಳೇ ಮನೆ ಕೊಂಡವನ ಹಕ್ಕು ಎಲ್ಲಿಯವರೆಗೆ?

ನವಲಗುಂದ ತಾಲೂಕಿನ ಮೊರಬದಂಥ ದೊಡ್ಡ ಊರುಗಳಲ್ಲಿ ಹಳೇ ಮನೆಗಳು ಕೈ ಬದಲಾಯಿಸುತ್ತಲೇ ಇರುತ್ತವೆ. ಒಕ್ಕಲುತನ ಬಿಟ್ಟು ಹುಬ್ಬಳ್ಳಿ, ಧಾರವಾಡ ಸೇರಿದವರ ಮಕ್ಕಳು ಹಿರಿಯರ ಮನೆಯನ್ನು ಮಾರಲು ಬರುತ್ತಾರೆ. ಅದನ್ನು ಕೊಳ್ಳುವವರು ಯಾರು? ಹೊಸ ಮನೆ ಕಟ್ಟಿಸುವ ಶಕ್ತಿಯಿಲ್ಲದವರು. ಹತ್ತಿ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದು ನಾಲ್ಕು ಕಾಸು ಕೂಡಿಟ್ಟ ಕೆಲಸಗಾರರು, ಸಂತೆಯಿಂದ ಸಂತೆಗೆ ಗಂಟು ಹೊತ್ತ ಸಣ್ಣ ವ್ಯಾಪಾರಿಗಳು. ಇವರ ಪಾಲಿಗೆ ಮನೆಯೆಂದರೆ ಇಡೀ ಜೀವಮಾನದ ಗಳಿಕೆ. ಅದು ಮೊದಲ ಮಳೆಗೇ ಕುಸಿದರೆ ಇನ್ನೊಂದು ಮನೆ ಕೊಳ್ಳುವಷ್ಟು ಆಯುಷ್ಯವಾಗಲಿ ಹಣವಾಗಲಿ ಅವರಲ್ಲಿ ಉಳಿದಿರುವುದಿಲ್ಲ.

ಇಂಥ ಸಂಗತಿಯಾದಾಗ ಊರಿನ ಕಟ್ಟೆಯ ಮೇಲೆ ಎರಡು ಮಾತು ಕೇಳಿಬರುತ್ತವೆ. "ಖರೀದಿ ಆತು, ರೊಕ್ಕ ಕೊಟ್ಟಾತು, ಇನ್ನೇನ ಕೇಳ್ತಿ ತಮ್ಮಾ? ನೋಡಿ ತಗೋಬೇಕಿತ್ತು" ಎಂಬುದು ಒಂದು ಮಾತು. "ಕೋರ್ಟಿಗೆ ಎಳಿ ಅವನ್ನ, ಪೂರಾ ರೊಕ್ಕ ವಾಪಸ್ ಬರ್ತೈತಿ" ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯ ಮಾತು ನಂಬಿದವನು ತನಗಿದ್ದ ಹಕ್ಕನ್ನು ಬಿಟ್ಟುಕೊಡುತ್ತಾನೆ. ಎರಡನೆಯದನ್ನು ನಂಬಿದವನು ಇಲ್ಲದ ಹಕ್ಕಿನ ಬೆನ್ನು ಹತ್ತಿ ಉಳಿದ ಹಣವನ್ನೂ ಕಳೆದುಕೊಳ್ಳುತ್ತಾನೆ. ಕಾಯದೆ ನಿಂತಿರುವುದು ಇವೆರಡರ ನಡುವೆ, ಮತ್ತು ಎಲ್ಲಿ ನಿಂತಿದೆಯೆಂಬುದನ್ನು ನಮ್ಮ ಓದುಗರು ತಿಳಿದಿರಬೇಕೆಂದು ನಾವು ಬಯಸುತ್ತೇವೆ.

ನಮ್ಮ ಎರೆ ಸೀಮೆಯ ಹಳೇ ಮನೆಗಳಲ್ಲಿ ಬೇರೆಡೆ ಅಪರೂಪವಾದ ಒಂದು ದೋಷವುಂಟು. ಅದೇ ಹಗೇವು. ಹಿಂದೆ ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದಲ್ಲಿ ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ಒಳಗೋಡೆಗೆ ದಂಟು, ಹೊಟ್ಟು ಹೊಂದಿಸಿ ಕಾಳು ತುಂಬಿ, ಬಾಯಿಗೆ ಬಂಡೆ ಎಳೆದು ಮೇಲೆ ಮಣ್ಣು ಮುಚ್ಚುತ್ತಿದ್ದರು. ಕೆಲವು ಓಣಿಯಲ್ಲಿ, ಮನೆಯ ಮುಂದೆ ಇರುತ್ತಿದ್ದವು; ಕೆಲವು ಮನೆಯ ಒಳಗೇ, ಪಡಸಾಲೆಯಲ್ಲೋ ದನ ಕಟ್ಟುವಲ್ಲೋ ಇರುತ್ತಿದ್ದವು. ಚೀಲ, ಗೋದಾಮು ಬಂದ ಮೇಲೆ ಹಗೇವು ಯಾರಿಗೂ ಬೇಡವಾಯಿತು. ಬುದ್ಧಿವಂತರು ಅವನ್ನು ಕಲ್ಲು, ಗರಸು ಹಾಕಿ ದಮ್ಮಸು ಹೊಡೆದು ಮುಚ್ಚಿಸಿದರು. ಇನ್ನು ಕೆಲವರು ಮನೆಯ ಕಸ, ಬೂದಿ, ಸಡಿಲ ಮಣ್ಣು ತುಂಬಿ ಮೇಲೊಂದು ಬಂಡೆ ಇಟ್ಟು ಮರೆತರು. ಮಕ್ಕಳ ಕಾಲಕ್ಕೆ ನೆನಪು ಮಸುಕಾಯಿತು, ಮೊಮ್ಮಕ್ಕಳ ಕಾಲಕ್ಕೆ ಮೇಲೆ ಫರಸಿ ಕೂತಿತು.

ಈಗ ಒಂದು ಪ್ರಸಂಗವನ್ನು ಹೀಗೆಂದು ಭಾವಿಸಿಕೊಳ್ಳೋಣ. ಇದು ಯಾವ ಒಬ್ಬನ ಕಥೆಯೂ ಅಲ್ಲ, ಅಂಕಿಗಳು ಲೆಕ್ಕಕ್ಕಾಗಿ ನಾವು ಇಟ್ಟವು. ಒಬ್ಬ ಗಿರಣಿ ಕೆಲಸಗಾರ ಮೊರಬದಲ್ಲಿ ಒಂದು ಹಳೇ ಮನೆಯನ್ನು 8 ಲಕ್ಷ ರೂಪಾಯಿಗೆ ಮಾತಾಡಿದ. 1 ಲಕ್ಷ ಸಂಚಕಾರ ಕೊಟ್ಟ. ಪಂಚಾಯತಿಯ ಇ-ಸ್ವತ್ತು ಉತಾರ ನೋಡಿದ, ಸಬ್ ರಜಿಸ್ಟ್ರಾರ ಕಚೇರಿಯಿಂದ ಋಣಭಾರ ಪತ್ರ ತೆಗೆಸಿದ. ಬೋಜಾ ಏನೂ ಇರಲಿಲ್ಲ. ನೋಂದಣಿ ಖರ್ಚು ಉಳಿಯಲೆಂದು ದಲಾಲನ ಮಾತು ಕೇಳಿ ಖರೀದಿ ಪತ್ರದಲ್ಲಿ 5 ಲಕ್ಷವೆಂದು ಬರೆಸಿದ. ಯುಗಾದಿಗೆ ಹಾಲು ಉಕ್ಕಿಸಿ ಮನೆ ಹೊಕ್ಕ. ಮುಂಗಾರು ಮಳೆ ಬಿದ್ದ ಮೇಲೆ ಮೂರು ದೋಷ ಕಣ್ಣಿಗೆ ಬಿದ್ದವು.

ಒಂದು, ಹಿತ್ತಲ ಕಡೆಯ ಗೋಡೆಯ ಬಿರುಕು. ಖರೀದಿಯ ಮುಂಚೆಯೂ ಅದು ಬೆರಳು ಹೋಗುವಷ್ಟು ಇತ್ತು, ಈಗ ಇನ್ನಷ್ಟು ಬಾಯಿ ಬಿಟ್ಟಿತು. ಎರಡು, ಅಡಿಗೆ ಮನೆಯ ಮೇಲಿನ ಜಂತಿಗಳಲ್ಲಿ ಎರಡು ಒಳಗೊಳಗೇ ಗೆದ್ದಲು ತಿಂದು ಟೊಳ್ಳಾಗಿದ್ದವು. ಮೇಲ್ಮೈ ಮಾತ್ರ ಗಟ್ಟಿ ಕಾಣುತ್ತಿತ್ತು. ಮೂರು, ಪಡಸಾಲೆಯ ನಡುವೆ ಫರಸಿ ದುಂಡಗೆ ಕುಗ್ಗಿ, ಒಂದು ರಾತ್ರಿ ಎರಡು ಕಲ್ಲು ಒಳಗೆ ಬಿದ್ದವು. ಕೆಳಗೆ ಹಗೇವು. ಅದರ ಅಂಚಿನ ಮೇಲೆ ನಿಂತಿದ್ದ ಅಡ್ಡಗೋಡೆಯೂ ವಾಲಿತು. ಗೌಂಡಿ ಬಂದು ನೋಡಿ ಹಗೇವಿಗೂ ಅಡ್ಡಗೋಡೆಗೂ ಕೂಡಿ 1 ಲಕ್ಷ 60 ಸಾವಿರ, ಜಂತಿಗೆ 40 ಸಾವಿರ, ಹಿತ್ತಲ ಗೋಡೆಗೆ 50 ಸಾವಿರವೆಂದ. ಒಟ್ಟು 2 ಲಕ್ಷ 50 ಸಾವಿರ. ಇದರಲ್ಲಿ ಮಾರಿದವನಿಂದ ಎಷ್ಟು ಕೇಳಬಹುದು?

ಉತ್ತರ 1882ರ ಆಸ್ತಿ ವರ್ಗಾವಣೆ ಕಾಯದೆಯ 55ನೆಯ ಕಲಮಿನಲ್ಲಿದೆ. ಬ್ರಿಟಿಷರ ಕಾಲದ ಈ ಕಾಯದೆ ಇಂದಿಗೂ ಜಾರಿಯಲ್ಲಿದೆ. ಮಾರುವವನು ಕೊಳ್ಳುವವನಿಗೆ ಆಸ್ತಿಯ ಮುಖ್ಯ ದೋಷವನ್ನು ತಿಳಿಸಲೇಬೇಕೆಂದು ಅದು ವಿಧಿಸುತ್ತದೆ. ಆದರೆ ಎಲ್ಲ ದೋಷವನ್ನೂ ಅಲ್ಲ. ಮೂರು ಮಾತು ಕೂಡಿ ಬರಬೇಕು. ಮಾರುವವನಿಗೆ ಅದು ಗೊತ್ತಿರಬೇಕು. ಕೊಳ್ಳುವವನಿಗೆ ಗೊತ್ತಿರಬಾರದು. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದ್ದರೂ ಅದು ಕಾಣದಂತಿರಬೇಕು. ಈ ಮೂರೂ ಇದ್ದು ಮಾರುವವನು ಬಾಯಿ ಮುಚ್ಚಿಕೊಂಡಿದ್ದರೆ, ಆ ಮೌನವೇ ಮೋಸವೆಂದು ಅದೇ ಕಲಮಿನ ಕೊನೆಯ ಮಾತು ಸಾರುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಆ ದೋಷದ ಹೊರೆ ಕೊಂಡವನ ತಲೆಯ ಮೇಲೇ ಉಳಿಯುತ್ತದೆ.

ನಮ್ಮ ಕೆಲಸಗಾರನ ಮೂರು ದೋಷಗಳನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡೋಣ.

ಹಿತ್ತಲ ಗೋಡೆಯ ಬಿರುಕಿಗೆ ಒಂದು ಪೈಯೂ ಸಿಗದು. ಅದು ಕಣ್ಣಿಗೆ ಕಾಣುತ್ತಿತ್ತು. ಎರೆ ಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಅದರ ಮೇಲೆ ಆಳವಿಲ್ಲದ ಬುನಾದಿಯಲ್ಲಿ ನಿಂತ ಗೋಡೆ ಬಿರಿಯುವುದು ಈ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಬಿರುಕು ಕಂಡೂ ಕೇಳದೆ ಕೊಂಡವನಿಗೆ "ನನಗೆ ಹೇಳಲಿಲ್ಲ" ಎನ್ನುವ ಹಕ್ಕಿಲ್ಲ. ಬಿರುಕಿನ ಮೇಲೆ ಹೊಸ ಗಿಲಾವು ಬಳಿದು, ಕ್ಯಾಲೆಂಡರು ತೂಗುಹಾಕಿ ಮುಚ್ಚಿದ್ದರೆ ಆಗ ಮಾತು ಬೇರೆ.

ಜಂತಿಯ ಗೆದ್ದಲು ಅಡಗಿದ ದೋಷವೇ ಹೌದು. ಆದರೆ ಮಾರಿದವನಿಗೆ ಗೊತ್ತಿತ್ತೇ? ಅವನು ಹತ್ತು ವರ್ಷದಿಂದ ಹುಬ್ಬಳ್ಳಿಯಲ್ಲಿದ್ದ, ಮನೆಗೆ ಬೀಗ ಹಾಕಿತ್ತು, ಜಂತಿಯ ಮೇಲ್ಮೈ ಅವನಿಗೂ ಗಟ್ಟಿಯಾಗಿಯೇ ಕಂಡಿತ್ತು. ಗೊತ್ತಿಲ್ಲದ್ದನ್ನು ತಿಳಿಸೆಂದು ಕಾಯದೆ ಯಾರಿಗೂ ಹೇಳುವುದಿಲ್ಲ. ಇಬ್ಬರಿಗೂ ಗೊತ್ತಿಲ್ಲದ ದೋಷದ ನಷ್ಟ ಕೊಂಡವನದೇ. ಇದು ನಮ್ಮ ಜನ ಬಹಳ ಸಲ ಎಡವುವ ಜಾಗ. ದೋಷ ಅಡಗಿತ್ತು ಎಂದು ತೋರಿಸಿದರೆ ಸಾಕೆಂದು ತಿಳಿಯುತ್ತಾರೆ. ಸಾಲದು, ಮಾರಿದವನು ಅದನ್ನು ಬಲ್ಲವನಾಗಿದ್ದನೆಂಬುದನ್ನೂ ತೋರಿಸಬೇಕು.

ಇನ್ನು ಹಗೇವು. ಫರಸಿಯ ಕೆಳಗಿದ್ದುದರಿಂದ ಯಾವ ಎಚ್ಚರದ ಕಣ್ಣಿಗೂ ಅದು ಕಾಣುವಂತಿರಲಿಲ್ಲ. ಮಾರಿದವನು ಆ ಮನೆಯಲ್ಲಿಯೇ ಹುಟ್ಟಿ ಬೆಳೆದವನು. ಪಡಸಾಲೆಯ ಉಳಿದ ಫರಸಿ ಹಳೆಯದು, ನಡುವಿನ ಎಂಟು ಕಲ್ಲು ಮಾತ್ರ ಹೊಸದು, ಬಣ್ಣವೇ ಬೇರೆ. ಅವನ್ನು ಕೂಡಿಸಿದ ಗೌಂಡಿ ಇದೇ ಊರಿನವನು. "ನೆಲಾ ಕುಸದೈತಿ, ಮ್ಯಾಲೆ ಒಂದಿಷ್ಟು ಕಾಂಕ್ರೀಟ್ ಹಾಕಿ ಫರಸಿ ಹೊಚ್ಚು ಅಂದ್ರು, ಹೊಚ್ಚಿದೆ ನೋಡ್ರಿ" ಎಂದು ಅವನು ಹೇಳುತ್ತಾನೆ. ಎಡಮಗ್ಗುಲ ಮನೆಯ ಅಜ್ಜಿಗೆ ಆ ಹಗೇವಿನಿಂದ ಜೋಳ ತೆಗೆದದ್ದು ನೆನಪಿದೆ. ಇಲ್ಲಿ ಮೂರು ಮಾತೂ ಕೂಡಿ ಬಂದವು. ಇಷ್ಟೇ ಅಲ್ಲ, ಮಾರಿದವನು ಸುಮ್ಮನಿದ್ದುದಕ್ಕಿಂತ ಹೆಚ್ಚಿನದನ್ನು ಮಾಡಿದ್ದಾನೆ. ಕುಸಿದ ನೆಲವನ್ನು ಮುಚ್ಚಿದ್ದಾನೆ. 1872ರ ಕರಾರು ಕಾಯದೆಯ 17ನೆಯ ಕಲಮಿನ ಪ್ರಕಾರ, ಬಲ್ಲ ಸಂಗತಿಯನ್ನು ಮೋಸದ ಉದ್ದೇಶದಿಂದ ಮರೆಮಾಚುವುದು ವಂಚನೆ. ಆದ್ದರಿಂದ 2 ಲಕ್ಷ 50 ಸಾವಿರದಲ್ಲಿ ಗಟ್ಟಿಯಾಗಿ ಕೇಳಬಹುದಾದದ್ದು ಹಗೇವಿನ 1 ಲಕ್ಷ 60 ಸಾವಿರ. ಉಳಿದದ್ದನ್ನೂ ಸೇರಿಸಿ ಕೂಗಾಡಿದರೆ ಗಟ್ಟಿ ಹಕ್ಕೂ ಸಡಿಲವಾಗಿ ಕಾಣುತ್ತದೆ.

ಕೇಳುವುದಕ್ಕೆ ದಾರಿ ಎರಡು. ಮನೆಯನ್ನು ಇಟ್ಟುಕೊಂಡು ನಷ್ಟ ತುಂಬಿಸಿಕೊಳ್ಳುವುದು ಒಂದು. ಖರೀದಿಯನ್ನೇ ರದ್ದು ಮಾಡಿಸಿ ಮನೆ ಹಿಂದಿರುಗಿಸಿ ಹಣ ಮರಳಿ ಪಡೆಯುವುದು ಇನ್ನೊಂದು. ಎರಡನೆಯದು ಕೇಳಲು ಚೆಂದ, ನಡೆಸಲು ಕಷ್ಟ. ದೋಷ ತಿಳಿದ ಮೇಲೂ ಮನೆಯನ್ನು ತನ್ನದೆಂದೇ ನಡೆಸಿಕೊಂಡು ಹೋದವನಿಗೆ, ಗೋಡೆ ಕೆಡವಿ ಹೊಸ ಕೋಣೆ ಕಟ್ಟಿಸಿದವನಿಗೆ, ಮನೆಯನ್ನು ಬೇರೊಬ್ಬರಿಗೆ ಬರೆದುಕೊಟ್ಟವನಿಗೆ ಕೋರ್ಟು ರದ್ದತಿಯನ್ನು ನಿರಾಕರಿಸಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯದೆಯ 27ನೆಯ ಕಲಮಿನ ಸಾರ ಇದು. ಪತ್ತಿನ ಸಂಘದಲ್ಲಿ ಮನೆ ಒತ್ತೆಯಿಟ್ಟು ಸಾಲ ತೆಗೆದಿದ್ದರೆ ಆ ಸಂಘದ ಹಕ್ಕೂ ನಡುವೆ ನಿಲ್ಲುತ್ತದೆ. ಮೇಲಾಗಿ ಮನೆಯ ಒಂದು ಭಾಗ ಕೆಟ್ಟು, ಉಳಿದದ್ದು ವಾಸಕ್ಕೆ ಯೋಗ್ಯವಿದ್ದರೆ ನಷ್ಟ ಕೇಳುವುದೇ ವಿವೇಕ. ಆಗ ಲೆಕ್ಕ ಸರಳ: ಹಗೇವು ಇದೆಯೆಂದು ಗೊತ್ತಿದ್ದರೆ ಆ ಮನೆಯ ಬೆಲೆ ಎಷ್ಟಿರುತ್ತಿತ್ತು, ಕೊಟ್ಟದ್ದೆಷ್ಟು, ನಡುವಿನ ಅಂತರವೇ ನಷ್ಟ. ದುರಸ್ತಿಯ ಖರ್ಚು ಆ ಅಂತರಕ್ಕೆ ಒಳ್ಳೆಯ ರುಜುವಾತು.

ಇಲ್ಲಿ ದಲಾಲನ ಉಳಿತಾಯದ ನಿಜಬೆಲೆ ಹೊರಗೆ ಬೀಳುತ್ತದೆ. ಕೊಟ್ಟದ್ದು 8 ಲಕ್ಷ, ಖರೀದಿ ಪತ್ರದಲ್ಲಿ ಇರುವುದು 5 ಲಕ್ಷ. ಖರೀದಿ ರದ್ದಾದರೂ ಕಾಗದದ ಮೇಲಿನ 5 ಲಕ್ಷವನ್ನು ತೋರಿಸುವುದು ಸುಲಭ; ರಶೀದಿಯಿಲ್ಲದೆ ಕೈಗೆ ಕೈ ಕೊಟ್ಟ 3 ಲಕ್ಷವನ್ನು ಸಾಬೀತು ಮಾಡುವುದು ಬಲು ಕಷ್ಟ. ಸಾಬೀತು ಮಾಡಹೊರಟರೆ ಸರಕಾರದ ಮುದ್ರಾಂಕ ಶುಲ್ಕ ತಪ್ಪಿಸಿದ್ದನ್ನು ತನ್ನ ಬಾಯಿಂದಲೇ ಒಪ್ಪಿದಂತಾಗುತ್ತದೆ. ಮಾರಿದವನ ವಕೀಲ "5 ಲಕ್ಷದ ಮನೆಯಲ್ಲಿ ಇಂಥ ದೋಷ ಇರುವುದೇ, ಅದಕ್ಕೇ ಅಷ್ಟು ಅಗ್ಗ" ಎಂದು ವಾದಿಸಿದರೆ ಏನು ಹೇಳುವುದು? ದೊಡ್ಡವರಿಗೆ ಈ ಆಟ ಕಪ್ಪು ಹಣದ ಆಟ. ದುಡಿಯುವವನಿಗೆ ಅದು ತನ್ನ ಹಕ್ಕಿಗೆ ತಾನೇ ಹಾಕಿಕೊಂಡ ಕುಣಿಕೆ.

ಹಾಗಾದರೆ ನೆಲ ಕುಸಿದ ಮರುದಿನ ಏನು ಮಾಡಬೇಕು? ಮೊದಲನೆಯದಾಗಿ ಪ್ರಾಣದ ಮಾತು. ಯಾರೂ ಹಗೇವಿನೊಳಗೆ ಇಳಿಯಬಾರದು. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವನು ಉಸಿರುಗಟ್ಟಿ ಬೀಳುತ್ತಾನೆ, ಅವನನ್ನೆತ್ತಲು ಇಳಿದವನೂ ಬೀಳುತ್ತಾನೆ. ಹಿಂದೆ ಕಾಳು ತೆಗೆಯುವವರೂ ಬಾಯಿ ತೆರೆದು ಗಾಳಿಯಾಡಿಸಿದ ಮೇಲೆಯೇ ಇಳಿಯುತ್ತಿದ್ದರು. ಮಕ್ಕಳನ್ನು ದೂರವಿಡಬೇಕು, ವಾಲಿದ ಗೋಡೆಗೆ ಆನಿಕೆ ಕೊಡಬೇಕು. ಇಷ್ಟು ತುರ್ತು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ, ಹಕ್ಕಿಗೆ ಧಕ್ಕೆಯೂ ಇಲ್ಲ. ಆದರೆ ಇದರ ಆಚೆಗೆ ತುಂಬುವ, ಮುಚ್ಚುವ ಕೆಲಸಕ್ಕೆ ಆತುರ ಬೇಡ. ಮುಚ್ಚಿದ ಹಗೇವು ಸಾಕ್ಷಿ ಹೇಳುವುದಿಲ್ಲ.

ಕುಸಿತ ಹಗೇವಿನಿಂದಲೋ ಬರೀ ಎರೆ ಮಣ್ಣಿನ ಆಟದಿಂದಲೋ ಎಂಬುದು ಮೊದಲು ನಿಷ್ಕರ್ಷೆಯಾಗಬೇಕು, ಏಕೆಂದರೆ ಮಾರಿದವನು ಎರೆಯ ಮೇಲೇ ತಪ್ಪು ಹಾಕುತ್ತಾನೆ. ಎರೆಯ ಬಿರುಕು ಋತುವಿನ ಜೊತೆ ಬಾಯಿ ತೆರೆದು ಮುಚ್ಚುತ್ತದೆ, ಗೋಡೆಯುದ್ದಕ್ಕೂ ಹರಿದಾಡುತ್ತದೆ, ಅಕ್ಕಪಕ್ಕದ ಮನೆಗಳಲ್ಲೂ ಇರುತ್ತದೆ. ಹಗೇವಿನ ಕುಸಿತ ಒಂದೇ ಕಡೆ, ದುಂಡಗೆ; ಸುತ್ತಲ ಫರಸಿಯನ್ನು ಹಾರೆಯ ಹಿಂಬದಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ; ಅದು ಕೆಳಗೇ ಇಳಿಯುತ್ತದೆ, ಬೇಸಿಗೆ ಬಂದರೂ ಮೇಲೆ ಬರುವುದಿಲ್ಲ. ಬೇಸಿಗೆಯಲ್ಲಿ ಹೊಕ್ಕವನಿಗೆ ಯಾಕೆ ಕಾಣಲಿಲ್ಲವೆಂದರೆ ಒಣಗಿದ ಸಡಿಲ ಮಣ್ಣು ಹೇಗೋ ಭಾರ ತಡೆದುಕೊಂಡಿರುತ್ತದೆ; ಮಳೆಯ ನೀರೋ ಬಚ್ಚಲ ನೀರೋ ಇಳಿದಾಗ ಅದು ಕೂತುಬಿಡುತ್ತದೆ.

ಬಳಿಕ ರುಜುವಾತು ಕೂಡಿಸುವುದು. ಬಿದ್ದ ಫರಸಿ, ಹಗೇವಿನ ಬಾಯಿ, ಹೊಸ ಹಳೇ ಕಲ್ಲಿನ ಅಂತರ, ವಾಲಿದ ಗೋಡೆ ಇವುಗಳ ಫೋಟೋ ತೆಗೆದಿಡಬೇಕು. ಅಳತೆಪಟ್ಟಿ ಇಟ್ಟು ತೆಗೆದರೆ ಇನ್ನೂ ಒಳ್ಳೆಯದು. ಒಬ್ಬ ಇಂಜಿನಿಯರರನ್ನು ಕರೆಸಿ ಕಾರಣವೇನು, ದುರಸ್ತಿಗೆಷ್ಟು ಎಂಬುದನ್ನು ಬರೆಸಿ ಸಹಿ ಪಡೆಯಬೇಕು. ಫರಸಿ ಹೊಚ್ಚಿದ ಗೌಂಡಿಯನ್ನೂ ನೆರೆಯ ಹಿರಿಯರನ್ನೂ ಮರೆಯಬಾರದು. ಮಾರಿದವನಿಗೆ ಗೊತ್ತಿತ್ತು ಎಂಬುದಕ್ಕೆ ಇಂಜಿನಿಯರ ಸಾಕ್ಷಿಯಾಗಲಾರ, ಇವರೇ ಸಾಕ್ಷಿ. ಇವರು ಊರಿನವರು, ಮಾರಿದವನ ಬಂಧುಗಳು ಬಂದು "ನಿನಗ್ಯಾಕ ಊರ ಉಸಾಬರಿ" ಎನ್ನುವ ಮೊದಲೇ ಅವರ ಹೇಳಿಕೆ ಬರಹಕ್ಕೆ ಬರಬೇಕು.

ಆಮೇಲೆ ಮಾರಿದವನಿಗೆ ನೋಟೀಸು. ದೋಷ ಯಾವುದು, ಎಂದು ತಿಳಿಯಿತು, ಅವನಿಗೆ ಮುಂಚೆ ಗೊತ್ತಿತ್ತೆನ್ನಲು ಆಧಾರವೇನು, ಎಷ್ಟು ಹಣ ಬೇಕು, ಎಷ್ಟು ದಿನದಲ್ಲಿ ಬಂದು ನೋಡಬೇಕು ಎಂದು ಸರಳವಾಗಿ ಬರೆದು, ಮುಟ್ಟಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಅವನು ಬಂದು ನೋಡಿ ಒಪ್ಪಿದರೆ ಸರಿ. ಬಾರದಿದ್ದರೆ ದಿವಾಣಿ ಕೋರ್ಟಿನಲ್ಲಿ ದಾವೆ. ದಾವೆ ಹೂಡಿದ ಮೇಲೆ ಸ್ಥಳ ಪರೀಕ್ಷೆಗೆ ಕೋರ್ಟಿನಿಂದಲೇ ಕಮಿಶನರರನ್ನು ನೇಮಿಸಿರೆಂದು ಕೇಳಬಹುದು. ಅವರ ವರದಿಗೆ ನಮ್ಮ ಫೋಟೋಗಿಂತ ಹೆಚ್ಚು ತೂಕ. ಅದಾದ ಮೇಲೆ ಹಗೇವು ತುಂಬಿಸಿ. ಎರೆ ಮಣ್ಣು ಹಾಕಬೇಡಿ, ಅದು ಮತ್ತೆ ಉಬ್ಬಿ ಕುಗ್ಗುತ್ತದೆ. ಸಡಿಲ ಕಸವನ್ನು ತೆಗೆಸಿ, ಕಲ್ಲು ಮತ್ತು ಗರಸನ್ನು ಅರ್ಧ ಅರ್ಧ ಅಡಿಯ ಪದರಾಗಿ ಹಾಕಿ ನೀರು ಹೊಡೆದು ದಮ್ಮಸು ಮಾಡಿಸಬೇಕು, ಪ್ರತಿ ಖರ್ಚಿನ ರಶೀದಿ ಇಡಬೇಕು.

ಕಾಲದ ಮಿತಿಯನ್ನು ಮರೆಯಲಾಗದು. ಖರೀದಿ ಪತ್ರ ರದ್ದು ಮಾಡಿಸಲು, ಆ ಹಕ್ಕು ಕೊಡುವ ಸಂಗತಿ ತಿಳಿದ ದಿನದಿಂದ ಮೂರು ವರ್ಷ. ನಷ್ಟದ ದಾವೆಗೂ ಮೂರು ವರ್ಷವೇ. ಮೋಸದಿಂದ ಮುಚ್ಚಿಟ್ಟದ್ದಾದರೆ, ಮೋಸ ತಿಳಿದ ದಿನದಿಂದ ಅಥವಾ ತಕ್ಕ ಎಚ್ಚರವಿದ್ದರೆ ತಿಳಿಯಬಹುದಾಗಿದ್ದ ದಿನದಿಂದ ಮುದತು ಓಡತೊಡಗುತ್ತದೆಂದು 1963ರ ಕಾಲಮಿತಿ ಕಾಯದೆ ಹೇಳುತ್ತದೆ. "ಮುಂದಿನ ಸುಗ್ಗಿಗೆ ಕೊಡ್ತೇನಿ" ಎಂಬ ಬಾಯಿಮಾತನ್ನು ನಂಬಿ ಮೂರು ಸುಗ್ಗಿ ಕಳೆದವನಿಗೆ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ.

ಕೆಲವರು ಧಾರವಾಡದ ಗ್ರಾಹಕರ ಆಯೋಗಕ್ಕೆ ಹೋಗಬಾರದೇ ಎಂದು ಕೇಳುತ್ತಾರೆ. ಆ ಆಯೋಗವಿರುವುದು ಸರಕು ಮತ್ತು ಸೇವೆಯ ತಕರಾರಿಗೆ. ಒಬ್ಬ ಮನೆಯವನು ತಾನಿದ್ದ ಹಳೇ ಮನೆಯನ್ನು ಇನ್ನೊಬ್ಬನಿಗೆ ಮಾರಿದ್ದು ಬರಿಯ ಮಾರಾಟ, ಸೇವೆಯಲ್ಲ. ಅಲ್ಲಿ ಅರ್ಜಿ ನಿಲ್ಲುವುದು ಕಷ್ಟ. 2016ರ ರೇರಾ ಕಾಯದೆ ಕಟ್ಟಡದ ರಚನೆಯ ದೋಷಕ್ಕೆ ಐದು ವರ್ಷದ ಹೊಣೆಯನ್ನು ಹೊರಿಸಿದೆ, ಆದರೆ ಅದು ಯೋಜನೆ ಮಾಡಿ ಕಟ್ಟಿ ಮಾರುವ ಬಿಲ್ಡರನ ಮೇಲೆ. ಹುಬ್ಬಳ್ಳಿಯಲ್ಲಿ ಅಂಥ ಯೋಜನೆಯ ಫ್ಲ್ಯಾಟನ್ನು ಎರಡನೆಯ ಕೈಯಿಂದ ಕೊಂಡವನಿಗೆ ಐದು ವರ್ಷ ತುಂಬದಿದ್ದರೆ ಅದು ಒದಗಬಹುದು. ಮೊರಬದ ಹಳೇ ಮನೆಗೆ ಒದಗದು. ಪೋಲೀಸರಿಗೆ ವಂಚನೆಯ ದೂರು ಕೊಡಬಹುದಾದರೂ, ಮೊದಲಿನಿಂದಲೂ ಮೋಸದ ಉದ್ದೇಶವಿತ್ತೆಂದು ಅಲ್ಲಿ ಸಾಬೀತಾಗಬೇಕು, ಮತ್ತು ಸಾಬೀತಾದರೂ ಹಗೇವು ತುಂಬಿಸುವ ಹಣ ತಾನಾಗಿ ಕೈಗೆ ಬಾರದು. ಹಣಕ್ಕೆ ದಾರಿ ದಿವಾಣಿ ಕೋರ್ಟೇ.

ಕೋರ್ಟು ಎಂದೊಡನೆ ನಮ್ಮವರು ವಕೀಲರ ಫೀಯನ್ನು ನೆನೆದು ಹಿಂಜರಿಯುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆಯ 12ನೆಯ ಕಲಮನ್ನು ಗಿರಣಿಯ ಬಾಗಿಲಿಗೆ ಅಂಟಿಸಬೇಕೆಂದು ನಾವು ಹೇಳುತ್ತೇವೆ. ಉಚಿತ ವಕೀಲರನ್ನು ಪಡೆಯಲು ಅರ್ಹರಾದವರ ಪಟ್ಟಿಯಲ್ಲಿ ಔದ್ಯೋಗಿಕ ಕಾರ್ಮಿಕನೂ ಇದ್ದಾನೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಇದ್ದಾರೆ. ಸಣ್ಣ ವ್ಯಾಪಾರಿಗೆ ಅವನ ವರಮಾನ ಗೊತ್ತುಪಡಿಸಿದ ಮಿತಿಯೊಳಗಿದ್ದರೆ ಸಿಗುತ್ತದೆ. ತಾಲೂಕಿನ ಕೋರ್ಟಿನಲ್ಲಿಯೇ ಇದರ ಸಮಿತಿಯಿದೆ, ಅಲ್ಲಿ ಅರ್ಜಿ ಕೊಟ್ಟರಾಯಿತು. ದಾವೆಗೆ ಮುಂಚೆಯೇ ತಕರಾರನ್ನು ಲೋಕ ಅದಾಲತಿಗೆ ತರಲೂ ಬರುತ್ತದೆ. ಅಲ್ಲಿ ಇಬ್ಬರೂ ಒಪ್ಪಿ ಆದ ನಿರ್ಣಯಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ನಮ್ಮ ಪ್ರಸಂಗದ ಕೆಲಸಗಾರನಿಗೆ ಅಲ್ಲಿ 1 ಲಕ್ಷ 60 ಸಾವಿರದ ಬದಲು 1 ಲಕ್ಷ 20 ಸಾವಿರವನ್ನು ಕೂಡಲೇ ಕೊಡಲು ಮಾರಿದವನು ಒಪ್ಪಿದರೆ, ವರ್ಷಗಟ್ಟಲೆ ಕಾಯುವ ಪೂರ್ತಿ ಡಿಕ್ರಿಗಿಂತ ಅದು ಕೀಳೆಂದು ನಾವು ಹೇಳಲಾರೆವು. ಅವನ ಪಡಸಾಲೆಯಲ್ಲಿ ತೂತಿದೆ, ಮಕ್ಕಳು ಮಲಗಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಬೇಕು. 1882ರಿಂದ ಈ ನೆಲದ ಕಾಯದೆ ಮಾರುವವನ ಬಾಯಿ ತೆರೆಸಬೇಕೆನ್ನುತ್ತಿದೆ. ಆದರೆ ಅವನು ತೆರೆದನೋ ಇಲ್ಲವೋ ಎಂದು ನೋಡುವ ಒಂದು ಹಾಳೆಯನ್ನೂ ಸರಕಾರ ಇಟ್ಟಿಲ್ಲ. ಸಬ್ ರಜಿಸ್ಟ್ರಾರ ಕಚೇರಿ ಉತಾರ ಕೇಳುತ್ತದೆ, ಗುರುತಿನ ಚೀಟಿ ಕೇಳುತ್ತದೆ, ಬೆರಳಚ್ಚು, ಫೋಟೋ, ಶುಲ್ಕ ಎಲ್ಲವನ್ನೂ ಕೇಳುತ್ತದೆ. ಆ ಮನೆಯಲ್ಲಿ ಹಗೇವು ಉಂಟೇ, ನೆಲ ಹಿಂದೆ ಕುಸಿದದ್ದುಂಟೇ, ಜಂತಿಗೆ ಗೆದ್ದಲು ಹಿಡಿದಿತ್ತೇ ಎಂದು ಮಾತ್ರ ಕೇಳುವುದಿಲ್ಲ. ಸರಕಾರದ ಪಾಲಿನ ಹಣ ಸರಿಯಾಗಿ ಸಂದಾಯವಾದರೆ ಬಡವನ ಪಾಲಿನ ನೆಲ ಇದ್ದರೇನು, ಕುಸಿದರೇನು? ಫಲವಾಗಿ ಮಾರಿದವನ ಮನಸ್ಸಿನಲ್ಲಿ ಏನಿತ್ತೆಂದು ಸಾಬೀತು ಮಾಡುವ ಪೂರ್ತಿ ಹೊರೆ, ಊರಿಗೆ ಹೊಸಬನಾದ, ಕೈಯಲ್ಲಿ ಕಾಸಿಲ್ಲದ ಕೊಂಡವನ ಮೇಲೆ ಬೀಳುತ್ತದೆ.

ನಾವು ಕೇಳುವುದು ಹೊಸ ಹಕ್ಕನ್ನಲ್ಲ. ಇದ್ದ ಹಕ್ಕು ಬರಹಕ್ಕೆ ಬರಲಿ ಎಂಬುದು ನಮ್ಮ ಬೇಡಿಕೆ. ಪ್ರತಿಯೊಂದು ಮನೆಯ ಖರೀದಿ ಪತ್ರಕ್ಕೆ ಮಾರುವವನು ತಾನು ಬಲ್ಲ ದೋಷಗಳ ಒಂದು ಪತ್ರಿಕೆಯನ್ನು ಸಹಿ ಮಾಡಿ ಲಗತ್ತಿಸಬೇಕು. ಏನೂ ಇಲ್ಲವಾದರೆ ಇಲ್ಲವೆಂದು ಬರೆಯಬೇಕು. ನೋಂದಣಿಯ ನಿಯಮದಲ್ಲಿ ಇದನ್ನು ಸೇರಿಸಲು ಸರಕಾರಕ್ಕೆ ತಗಲುವುದು ಒಂದು ಹಾಳೆಯ ಖರ್ಚು. ಅಂಥ ಹಾಳೆಯ ಮೇಲೆ "ಹಗೇವು ಇಲ್ಲ" ಎಂದು ಬರೆದವನು ನಾಳೆ ಕೋರ್ಟಿನಲ್ಲಿ ನುಣುಚಿಕೊಳ್ಳಲಾರನು. "ನನಗೆ ಗೊತ್ತಿಲ್ಲ" ಎಂದು ಬರೆದರೆ ಕೊಳ್ಳುವವನು ಎಚ್ಚರವಾಗಿ, ಫರಸಿ ಎಬ್ಬಿಸಿ ನೋಡಿ ಬೆಲೆ ಕಟ್ಟುತ್ತಾನೆ. ಪ್ರಾಮಾಣಿಕನಾಗಿ ಮಾರುವವನಿಗೂ ಇದರಿಂದ ಲಾಭವೇ. ಹೇಳಿ ಮಾರಿದ ದೋಷಕ್ಕೆ ನಾಳೆ ಅವನ ಮೇಲೆ ಯಾರೂ ದಾವೆ ಹೂಡಲಾರರು.

ಸರಕಾರ ಮಾಡುವವರೆಗೆ ನಾವು ಸುಮ್ಮನಿರಬೇಕಿಲ್ಲ. ಮಾರುವವನು ಕೊಳ್ಳುವವನ ಪ್ರಶ್ನೆಗೆ ತನಗೆ ತಿಳಿದಮಟ್ಟಿಗೆ ಉತ್ತರ ಕೊಡಲೇಬೇಕೆಂದು ಅದೇ 55ನೆಯ ಕಲಮು ಹೇಳುತ್ತದೆ. ಆದ್ದರಿಂದ ಸಂಚಕಾರದ ಹಣ ಕೈ ಬಿಡುವ ಮೊದಲು ಪ್ರಶ್ನೆ ಕೇಳಿ, ಉತ್ತರವನ್ನು ಸಂಚಕಾರ ಪತ್ರದಲ್ಲಿಯೇ ಬರೆಸಿ. ಮನೆಯೊಳಗೆ, ಅಂಗಳದಲ್ಲಿ ಹಗೇವು ಇತ್ತೇ, ಇದ್ದರೆ ಎಲ್ಲಿ, ಏನು ಹಾಕಿ ಮುಚ್ಚಿದಿರಿ? ನೆಲ, ಗೋಡೆ, ಮಾಳಿಗೆ ಯಾವಾಗ ದುರಸ್ತಿಯಾಯಿತು, ಯಾವ ಗೌಂಡಿ ಮಾಡಿದ? ಈ ಎರಡು ಪ್ರಶ್ನೆ ಸಾಕು. "ಮನೆಯನ್ನು ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ ಕೊಂಡಿದ್ದೇನೆ" ಎಂಬ ಸಾಲನ್ನು ಬರಹಗಾರ ಖರೀದಿ ಪತ್ರದಲ್ಲಿ ರೂಢಿಯಂತೆ ತುರುಕಿದ್ದರೆ ಓದಿಸಿ ತೆಗೆಸಿ. ಬೇಕೆಂದೇ ಮುಚ್ಚಿಟ್ಟ ಮೋಸಕ್ಕೆ ಆ ಸಾಲು ಪೂರ್ತಿ ಗುರಾಣಿಯಾಗಲಾರದು. ಆದರೂ 55ನೆಯ ಕಲಮಿನ ಹೊಣೆಯನ್ನು ಇಬ್ಬರ ಕರಾರಿನಿಂದ ತಗ್ಗಿಸಲು ಬರುವುದರಿಂದ, ಆ ಒಂದು ಸಾಲು ನಿಮ್ಮ ದಾರಿಗೆ ಮುಳ್ಳಾಗುತ್ತದೆ.

"ಇಷ್ಟೆಲ್ಲಾ ಕೇಳಿದ್ರ ಅವ್ರು ಬ್ಯಾರೆಯವ್ರಿಗೆ ಕೊಡ್ತಾರ್ರೀ" ಎಂದು ನಮ್ಮ ವ್ಯಾಪಾರಿ ಬಂಧುವೊಬ್ಬರು ಈ ಬರಹದ ಕರಡು ಓದಿ ಹೇಳಿದರು. ಇರಬಹುದು. ಒಬ್ಬನೇ ಕೇಳಿದರೆ ಮಾರುವವನು ಇನ್ನೊಬ್ಬನನ್ನು ಹುಡುಕುತ್ತಾನೆ. ಗಿರಣಿಯ ಸಂಘವೂ ವ್ಯಾಪಾರಿಗಳ ಸಂಘವೂ ಈ ಎರಡು ಪ್ರಶ್ನೆಗಳನ್ನು ಅಚ್ಚು ಹಾಕಿಸಿ ತಮ್ಮ ಸದಸ್ಯರಿಗೆಲ್ಲ ಕೊಟ್ಟು, ಇದಕ್ಕೆ ಸಹಿಯಿಲ್ಲದೆ ಸಂಚಕಾರವಿಲ್ಲ ಎಂದರೆ ಅವನು ಯಾರನ್ನು ಹುಡುಕುತ್ತಾನೆ? ಮುಂದಿನ ಸಭೆಯಲ್ಲಿ ಈ ಕಾಗದವನ್ನು ಮಂಡಿಸಬೇಕೆಂದು ಎರಡೂ ಸಂಘಗಳ ಗೆಳೆಯರನ್ನು ನಾವು ಕೋರುತ್ತೇವೆ.